ಅಪ್‌ಡೇಟ್: ವಿಜಯಪುರದ ಗೋದಾಮಿನ ಬಾಡಿಗೆ ಜಾಹೀರಾತು

ನಾನು ಕೇಳಿದ್ದು: "ವಿಜಯಪುರದ ಹೊರಗ ಸಣ್ಣ ಗೋದಾಮು ಐತ್ರಿ. ವ್ಯಾಪಾರಿಗಳಿಗೆ ಬಾಡಿಗೆ ಕೊಡಾಕ ಜಾಹೀರಾತಿನ್ಯಾಗ ಏನೇನು ಬರೀಬೇಕು?"

ಉತ್ತರಿಸಿದ ಎಲ್ಲರಿಗೂ ಶರಣು. ತೊಗರಿ ವ್ಯಾಪಾರಿಯೊಬ್ಬರು ಜಾಗ ಹಿಡಿದರು. ಅವರು ಮೊದಲು ನೋಡಿದ್ದೇ ನೆಲ. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಇಲ್ಲಿ "ಗಟ್ಟಿ ನೆಲ" ಎಂಬ ಮಾತಿಗೆ ಬೆಲೆಯಿಲ್ಲ. ಅದಕ್ಕೇ ಎರೆ ತೆಗೆದು ಮೊರಂ ತುಂಬಿ, ಮೇಲೆ ಕಾಂಕ್ರೀಟ್ ಹಾಕಿಸಿದ್ದನ್ನು ಬಿಡಿಸಿ ಬರೆದಿದ್ದೆ. ಜೊತೆಗೆ ಭಾರದ ಲೆಕ್ಕ: 50 ಕೆಜಿ ಚೀಲ ಮಲಗಿಸಿದರೆ ಸುಮಾರು 4 ಚದರ ಅಡಿ ಹಿಡಿಯುತ್ತದೆ. ಒಂದರ ಮೇಲೊಂದು 8 ಚೀಲ ಒಟ್ಟಿದರೆ 400 ಕೆಜಿ, ಅಂದರೆ ಚದರ ಅಡಿಗೆ 100 ಕೆಜಿ. ಇಂಜಿನಿಯರ್ ನೆಲ ನೋಡಿ ಅಷ್ಟು ಭಾರಕ್ಕೆ ಬರೆದುಕೊಟ್ಟ ಮೇಲೆಯೇ ಆ ಅಂಕಿ ಹಾಕಿದ್ದು. ಈ ಒಂದು ಸಾಲೇ ಅವರನ್ನು ಕರೆತಂದಿತು.

ಹತ್ತು ಗಾಲಿಯ ಲಾರಿ ಅಂಗಳದಲ್ಲೇ ತಿರುಗುತ್ತದೆ, ಟ್ರೇಲರ್ ತಿರುಗುವುದಿಲ್ಲ ಎಂದೂ ಹೇಳಿದ್ದೆ. ಲೋಡಿಂಗ್ ಕಟ್ಟೆ 4 ಅಡಿ ಎತ್ತರ, ಲಾರಿಯ ತಳಕ್ಕೆ ಸಮ. ಹಮಾಲರಿಗೆ ಚೀಲ ಹೊತ್ತು ಏರುವ ಕಷ್ಟವಿಲ್ಲ, ಆದರೆ ಒಂದು ಸಲಕ್ಕೆ ಒಂದೇ ಲಾರಿ ನಿಲ್ಲುತ್ತದೆ.

ಹೆಸ್ಕಾಂನ ತ್ರೀ ಫೇಸ್ ಇದೆ, ಮಂಜೂರಾದ ಲೋಡ್ 5 ಕಿಲೋವ್ಯಾಟ್. ಕಾಳು ಸ್ವಚ್ಛ ಮಾಡುವ ದೊಡ್ಡ ಯಂತ್ರ ಕೂರಿಸುವವರು ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಅದನ್ನು ಕರಾರು ಪತ್ರದಲ್ಲೂ ಸೇರಿಸಿದ್ದೇವೆ.