28 ಹೆಂಗಸರಿರೋ ಯೂನಿಟ್‌ಗೂ ಕ್ರೆಶ್ ಬೇಕಾ?

ಪ್ರಶ್ನೆ (ಎಚ್.ಆರ್., ದೊಡ್ಡಬಳ್ಳಾಪುರ): ನಮ್ಮದು ಸಣ್ಣ ಗಾರ್ಮೆಂಟ್ ಯೂನಿಟ್. ಹೆಂಗಸರು 28, ಗಂಡಸರು 17. ಇದಲ್ಲದೆ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಸೇರಿ 9 ಜನ ಕಾಂಟ್ರಾಕ್ಟ್ ಮೇಲಿದ್ದಾರೆ. 30 ಹೆಂಗಸರು ದಾಟೋವರೆಗೂ ಕ್ರೆಶ್ ತಲೆನೋವು ಇಲ್ಲ ಅಂತಾರೆ ಮಾಲೀಕರು. ಮುಂದಿನ ತಿಂಗಳು ಒಬ್ಬ ಟೈಲರ್ ಹೆರಿಗೆ ರಜೆ ಮುಗಿಸಿ ವಾಪಸ್ ಬರ್ತಾರೆ. ಮಗುವಿಗೆ ಹಾಲು ಕುಡಿಸೋಕೆ ಎಷ್ಟು ಹೊತ್ತು ಬಿಡಬೇಕು, ಅದನ್ನ ಟಾರ್ಗೆಟ್‌ನಲ್ಲಿ ಹೇಗೆ ತೋರಿಸೋದು?

ಉತ್ತರ (ಕಾರ್ಮಿಕ ಕಾನೂನು ವಕೀಲರು, ಬೆಂಗಳೂರು): ಮಾಲೀಕರು ಹೇಳುತ್ತಿರುವ 30 ಎಲ್ಲಿಂದ ಬಂತು ಅಂದರೆ, 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಂನಿಂದ. ಅಲ್ಲಿ ಎಣಿಸುತ್ತಿದ್ದದ್ದು ಹೆಂಗಸರನ್ನು ಮಾತ್ರ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ 11ಎ ಕಲಂ ಸೇರಿದ ಮೇಲೆ ಇನ್ನೊಂದು ಎಣಿಕೆ ಶುರುವಾಯಿತು: ಗಂಡು, ಹೆಣ್ಣು ಅನ್ನದೆ ಒಟ್ಟು 50 ಜನ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಂ ಕೂಡ ಅದನ್ನೇ ಇಟ್ಟುಕೊಂಡಿದೆ.

ಇನ್ನು ನಿಮ್ಮ ಹಾಜರಿ ಪುಸ್ತಕ. 28ಕ್ಕೆ 17 ಸೇರಿದರೆ 45. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸಂಹಿತೆಯಲ್ಲಿ ‘ನೌಕರ’ ಅಂದರೆ ನೇರವಾಗಿ ಬಂದವರೂ ಹೌದು, ಗುತ್ತಿಗೆದಾರನ ಮೂಲಕ ಬಂದವರೂ ಹೌದು. ಆ 9 ಜನ ಸೇರಿದರೆ 54. ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡ ಹುಡುಗರಿದ್ದರೆ ಅವರನ್ನು ಮಾತ್ರ ಬಿಡಬಹುದು. ನಿಮ್ಮ ಯೂನಿಟ್‌ಗೆ ಕ್ರೆಶ್ ಬೇಕು.

ತುಮಕೂರಿನ ಅಕೌಂಟೆಂಟ್: ಸಾರ್, 50 ಹೆಂಗಸರು ಅಂತಲ್ವಾ? ನಮ್ಮ ಆಡಿಟರ್ ಹಾಗೇ ಹೇಳಿದ್ರು. ಮತ್ತೆ ಕ್ರೆಶ್ ಬದಲು ತಿಂಗಳಿಗೆ ಇಷ್ಟು ಅಂತ ಭತ್ಯೆ ಕೊಟ್ರೆ ಮುಗೀತು, ನಾವು ಅದನ್ನೇ ಮಾಡ್ತಿದ್ದೀವಿ.

ವಕೀಲರು: 50 ಸರಿ, ಹೆಂಗಸರು ಅನ್ನೋದು ತಪ್ಪು. ಹಳೆಯ 30 ಹೆಂಗಸರೂ ಹೊಸ 50 ನೌಕರರೂ ತಲೆಯಲ್ಲಿ ಕಲಸಿಹೋಗಿ 50 ಹೆಂಗಸರಾಗಿದ್ದಾರೆ, ಅಷ್ಟೆ. ಭತ್ಯೆಯ ವಿಷಯಕ್ಕೆ ಬಂದರೆ, ಕಲಂನಲ್ಲಿರುವ ಮಾತು ಕ್ರೆಶ್ ಸೌಲಭ್ಯ ಇರಬೇಕು ಅಂತ. ದುಡ್ಡಿನ ಮಾತು ಅಲ್ಲಿಲ್ಲ. ಬದಲಿಗೆ ಇನ್ನೊಂದು ದಾರಿ ಕೊಟ್ಟಿದ್ದಾರೆ. ಸರ್ಕಾರದ್ದೋ, ಪುರಸಭೆಯದ್ದೋ, ಖಾಸಗಿಯವರದ್ದೋ, ಸ್ವಯಂಸೇವಾ ಸಂಸ್ಥೆಯದ್ದೋ ಕ್ರೆಶ್ ಬಳಸಬಹುದು. ನಾಲ್ಕಾರು ಯೂನಿಟ್‌ನವರು ಸೇರಿ ಒಂದನ್ನು ನಡೆಸಲೂಬಹುದು. 54 ಜನರ ಜಾಗಕ್ಕೆ ಇದೇ ವಾಸಿ. ಒಂದೋ ಎರಡೋ ಮಗುವಿಗೆ ಪ್ರತ್ಯೇಕ ಕೋಣೆ, ಆಯಾ ಅಂತ ಶುರು ಮಾಡಿದವರು ಆರು ತಿಂಗಳಲ್ಲಿ ಅದಕ್ಕೆ ಬಟ್ಟೆ ರೋಲ್ ತುಂಬಿಸಿದ್ದನ್ನು ನಾನೇ ನೋಡಿದ್ದೇನೆ.

ಎಚ್.ಆರ್., ದೊಡ್ಡಬಳ್ಳಾಪುರ: ನಮ್ಮ ಗೇಟ್‌ನಿಂದ ಸುಮಾರು 300 ಮೀಟರ್ ದೂರದಲ್ಲಿ ದೊಡ್ಡ ಯೂನಿಟ್ ಒಂದರ ಕ್ರೆಶ್ ಇದೆ. ಅಷ್ಟು ದೂರ ನಡೆಯುತ್ತಾ? ವಿರಾಮದ ಲೆಕ್ಕ ಹೇಳಿ ಸಾರ್.

ವಕೀಲರು: 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ 500 ಮೀಟರ್ ಅಂತಿತ್ತು. 300 ಅದರೊಳಗೇ ಇದೆ. ರಾಜ್ಯದ ನಿಯಮವನ್ನು ಒಮ್ಮೆ ತೆಗೆದು ನೋಡಿಯೇ ಒಪ್ಪಂದಕ್ಕೆ ಸಹಿ ಹಾಕಿ. ಅಲ್ಲಿ ಮಗು ಬಿದ್ದರೆ, ಜ್ವರ ಬಂದರೆ ಹೊಣೆ ಯಾರದು ಅನ್ನೋದು ಕಾಗದದಲ್ಲಿರಲಿ.

ಹಾಲೂಡಿಸುವ ವಿರಾಮ ಕ್ರೆಶ್‌ಗಿಂತ ಬೇರೆ ಹಕ್ಕು. ಇದಕ್ಕೆ 50ರ ಮಿತಿ ಇಲ್ಲ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ, ಊಟ–ಟೀ ವಿರಾಮ ಬಿಟ್ಟು. ಎಷ್ಟು ನಿಮಿಷ ಅನ್ನೋದು ನಿಯಮದಲ್ಲಿರುತ್ತದೆ. ಗಣಿ ಮತ್ತು ಸರ್ಕಸ್‌ಗೆ ಮಾಡಿದ 1963ರ ಕೇಂದ್ರ ನಿಯಮದಲ್ಲಿ ತಲಾ 15 ನಿಮಿಷ, ಕ್ರೆಶ್ ದೂರವಿದ್ದರೆ ಹೋಗಿಬರಲು ಇನ್ನೂ 5ರಿಂದ 15 ನಿಮಿಷ. ನಾನು ಸಲಹೆ ಕೊಡುವ ಕಡೆ ಈ ಲೆಕ್ಕವನ್ನೇ ಹಿಡಿಯುತ್ತೇನೆ.

ನಿಮ್ಮ ಟೈಲರ್‌ಗೆ ಹೋಗಿಬರಲು 10 ನಿಮಿಷ ಹಿಡಿಯೋಣ. ಒಂದು ಸಲಕ್ಕೆ 25, ದಿನಕ್ಕೆ 50 ನಿಮಿಷ. ಊಟದ ಹೊತ್ತು ಕಳೆದು 480 ನಿಮಿಷದ ಪಾಳಿ, ಗಂಟೆಗೆ 60 ಪೀಸ್ ಟಾರ್ಗೆಟ್ ಇದ್ದರೆ ಅವರ ದಿನದ ಲೆಕ್ಕ 480 ಅಲ್ಲ, 430 ಪೀಸ್. ಹಾಲೂಡಿಸುವ ವಿರಾಮಕ್ಕಾಗಿ ಸಂಬಳ ಕಡಿಯಬಾರದು ಅಂತ ಹಳೆಯ ಹೆರಿಗೆ ಸೌಲಭ್ಯ ಕಾಯ್ದೆಯ 13ನೇ ಕಲಂನಲ್ಲೇ ಇತ್ತು. ಆದರೆ ಕಡಿತ ಸಂಬಳದ ಚೀಟಿಯಲ್ಲಿ ಕಾಣೋದಿಲ್ಲ. ಲೈನ್ ಬೋರ್ಡ್ ಮೇಲೆ 480 ಹಾಗೇ ಇರುತ್ತದೆ, ಆಕೆ 430 ಹೊಲಿದು ‘ಶಾರ್ಟ್’ ಆಗುತ್ತಾಳೆ, ಇನ್ಸೆಂಟಿವ್ ಹೋಗುತ್ತದೆ, ಮಾರನೇ ವಾರ ತಾನೇ ವಿರಾಮ ಬಿಡುತ್ತಾಳೆ. ಬೋರ್ಡ್ ತಿದ್ದುವ ಸೂಪರ್‌ವೈಸರ್‌ಗೆ ಮೊದಲೇ ಬರೆದುಕೊಡಿ.

ಇನ್ನೊಂದು ಮಾತು: ಹೊತ್ತು ಎಣಿಸೋದು ಮಿಷನ್‌ನಿಂದ, ಗೇಟ್‌ನಿಂದಲ್ಲ. ಮಹಡಿ ಇಳಿದು, ಔಟ್‌ಪಾಸ್ ಬರೆಸಿ, ತಪಾಸಣೆ ಮುಗಿಸೋಕೇ ಐದು ನಿಮಿಷ ಹೋಗುತ್ತೆ. ಆಕೆಗೆ ತಿಂಗಳ ಪಾಸ್ ಮಾಡಿಕೊಟ್ಟರೆ ಅರ್ಧ ಜಗಳ ಕಮ್ಮಿ.

ಟೈಲರ್ ಅಕ್ಕ, ರಾಮನಗರ: ಇದೆಲ್ಲಾ ಸರಿ ಸಾರ್. ಬೆಳಿಗ್ಗೆ ಏಳೂವರೆಗೆ ಟೆಂಪೋದಲ್ಲಿ ನಿಂತ್ಕೊಂಡು ಬರೋ ನಾವು ಕೂಸನ್ನ ಎಲ್ಲಿ ಎತ್ಕೊಂಡು ಬರೋದು? ನಾನಿದ್ದ ಫ್ಯಾಕ್ಟರಿ ಕ್ರೆಶ್‌ನಲ್ಲಿ ತೊಟ್ಟಿಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರೇ ಬಿಚ್ಚಿರಲಿಲ್ಲ. ಚೆಕಿಂಗ್‌ನವರು ಬರೋ ದಿನ ಮಾತ್ರ ಆಫೀಸಿನವರ ಮಕ್ಕಳು ಬರೋವು. ಕೂಸನ್ನ ನಮ್ಮತ್ತೆ ಹತ್ರ ಬಿಟ್ಟು ಬರ್ತಿದ್ದೆ, ಮಧ್ಯಾಹ್ನಕ್ಕೆ ರವಿಕೆ ಒದ್ದೆ. ಬ್ರೇಕ್ ಕೇಳಿದ್ರೆ ‘ಮಗುನೇ ಇಲ್ಲವಲ್ಲಮ್ಮ’ ಅಂದ್ರು.

ಮಂಗಳೂರು, ಐಟಿ ಉದ್ಯೋಗಿ: ನನ್ನದೂ ಅದೇ ಕಥೆ ಅಕ್ಕ. ಸ್ಟೋರ್‌ರೂಮ್‌ನಲ್ಲಿ ಕೂತು ಪಂಪ್ ಮಾಡ್ತಿದ್ದೆ. ನಾಲ್ಕು ಸಲ ಹೋಗಬಹುದು ಅಂತಾರಲ್ಲ, ಆ ನಾಲ್ಕರಲ್ಲಿ ಎರಡನ್ನ ಇದಕ್ಕೆ ತಗೋಬಹುದಾ?

ವಕೀಲರು: ನಾಲ್ಕು ಭೇಟಿ ಇರೋದು ಕ್ರೆಶ್‌ಗೆ ಹೋಗಿಬರಲು, ಕ್ರೆಶ್‌ನಲ್ಲಿ ಮಗು ಇದ್ದರೆ. ಅವುಗಳಲ್ಲಿ ಊಟ–ಟೀ ವಿರಾಮವೂ ಸೇರಿದೆ. ಹಾಗಾಗಿ ಊಟ, ಟೀ, ಎರಡು ಹಾಲೂಡಿಕೆ, ಒಟ್ಟು ನಾಲ್ಕು ಅಂತ ನಾನು ಓದುತ್ತೇನೆ. ಹಾಲೂಡಿಕೆ ಈ ನಾಲ್ಕರ ಹೊರಗೆ ಅನ್ನುವ ಸ್ನೇಹಿತರೂ ಇದ್ದಾರೆ, ಅವರ ಓದನ್ನು ತೆಗೆದುಹಾಕುವಂತಿಲ್ಲ. 15 ತಿಂಗಳ ಮೇಲೆ ಹಾಲೂಡಿಕೆ ನಿಂತರೂ ಕ್ರೆಶ್ ಭೇಟಿ ನಿಲ್ಲೋದಿಲ್ಲ.

ಮಗು ಮನೆಯಲ್ಲಿದ್ದಾಗ ಹಾಲು ಹಿಂಡಲು ವಿರಾಮ ಸಿಗುತ್ತದೆಯೇ? ಕಲಂನ ಮಾತು ‘ಮಗುವಿಗೆ ಹಾಲೂಡಿಸಲು’. ಹಿಂಡಿಟ್ಟ ಹಾಲೂ ಅದೇ ಮಗುವಿಗೆ ತಾನೇ ಅಂತ ನಾನು ವಾದಿಸುತ್ತೇನೆ. ಅಕ್ಷರ ಹಿಡಿಯುವ ಮಾಲೀಕ ಒಪ್ಪದಿರಬಹುದು. ಕಾಯ್ದೆ ಕೊಡುವುದಕ್ಕಿಂತ ಹೆಚ್ಚು ಕೊಡಬೇಡಿ ಅಂತ ಎಲ್ಲೂ ಇಲ್ಲವಲ್ಲ, ಸಂಸ್ಥೆಯ ನೀತಿಯಲ್ಲಿ ಒಂದು ಸಾಲು ಸೇರಿಸಿಸಿ.

ತುಮಕೂರಿನ ಅಕೌಂಟೆಂಟ್: ಹಾಗಾದ್ರೆ ನಮ್ಮ ಭತ್ಯೆ ವಾಪಸ್ ತಗೋಬೇಕಾ?

ವಕೀಲರು: ಭತ್ಯೆ ಕೊಡುತ್ತಾ ಇರಿ ಮಾರಾಯ್ರೆ, ಕ್ರೆಶ್‌ನೂ ನೋಡಿ ಅಂದೆ.

ಎಚ್.ಆರ್., ದೊಡ್ಡಬಳ್ಳಾಪುರ: ಪಕ್ಕದ ಯೂನಿಟ್‌ನವರ ಜೊತೆ ಮಾತಾಡಿದೆ. ಮಗುವಿಗೆ ಇಷ್ಟು ಅಂತ ತಿಂಗಳ ಲೆಕ್ಕಕ್ಕೆ ಒಪ್ಪಿದ್ದಾರೆ. 54ರ ಲೆಕ್ಕ ತೋರಿಸಿದಾಗ ಮಾಲೀಕರು ಮೊದಲು ಕೇಳಿದ್ದು, ‘ಸೆಕ್ಯುರಿಟಿಯವರಲ್ಲಿ ಐದು ಜನರನ್ನ ತೆಗೆದ್ರೆ?’ ಅಂತ. ರಾತ್ರಿ ಗೇಟ್ ಯಾರು ಕಾಯ್ತಾರೆ ಅಂದೆ, ಸುಮ್ಮನಾದ್ರು. ಆ ಟೈಲರ್‌ಗೆ ಫೋನ್ ಮಾಡಿದ್ದೀನಿ, ಮಗುವನ್ನ ಕರ್ಕೊಂಡು ಬರೋದೋ ಬೇಡವೋ ಅಂತ ಅವರ ಮನೆಯಲ್ಲಿ ಇನ್ನೂ ಮಾತು ನಡೀತಿದೆ.