ಪದಚರ್ಚೆ: ‘ಗುರುತ್ವ ವಕ್ರೀಭವನ’ ಅನ್ನಬಹುದೇ? ಆ ಉಂಗುರಕ್ಕೆ ಏನನ್ನೋಣ?

ರೇಣುಕಾ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ವಿಜ್ಞಾನ ಪ್ರದರ್ಶನಕ್ಕೆ ಒಂದು ಬೋರ್ಡು ಬರೆಯುತ್ತಿದ್ದೇನೆ, ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಎರಡು ಚಿತ್ರ ಇವೆ. ಒಂದು 1919ರ ಗ್ರಹಣದ್ದು, ಸೂರ್ಯನ ಪಕ್ಕದ ನಕ್ಷತ್ರಗಳು ಜಾಗ ಬದಲಿಸಿದಂತೆ ಕಂಡದ್ದು. ಇನ್ನೊಂದು ಯೂಕ್ಲಿಡ್ ದೂರದರ್ಶಕ ತೆಗೆದದ್ದು, ಎನ್‌ಜಿಸಿ 6505 ಅನ್ನುವ ಗೆಲಾಕ್ಸಿಯ ನಡುವೆ ಪೂರ್ತಿ ದುಂಡಗಿನ ಬೆಳಕಿನ ಉಂಗುರ. ಎರಡಕ್ಕೂ ಕಾರಣ ಒಂದೇ: ಭಾರಿ ಕಾಯದ ಪಕ್ಕ ಹಾಯುವ ಬೆಳಕು ಬಾಗುತ್ತದೆ.

ನನಗೆ ಬೇಕಾದ್ದು ಎರಡೇ ಪದ. ಬಾಗುವುದಕ್ಕೆ ಒಂದು, ಉಂಗುರಕ್ಕೆ ಒಂದು. ಮೊದಲನೆಯದಕ್ಕೆ ‘ಗುರುತ್ವ ವಕ್ರೀಭವನ’ ಅಂತ ಬರೆದಿಟ್ಟಿದ್ದೇನೆ. ಸರಿಯೇ?

ಶೇಷಾದ್ರಿ:
ಸರಿಯಾಗಿದೆ. ವಕ್ರ ಅಂದರೆ ಸೊಟ್ಟ, ವಕ್ರೀಭವನ ಅಂದರೆ ಸೊಟ್ಟಗಾಗುವುದು. ಬೆಳಕು ಸೊಟ್ಟಗಾಗುತ್ತದೆ. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ?

ಅನಸೂಯಾ:
ಇದೆ ಶೇಷಾದ್ರಿಯವರೇ. ಪದದ ಅರ್ಥ ಬಿಡಿಸಿದರೆ ಸರಿ, ಆದರೆ ಆ ಪದ ಈಗ ಬೇರೆಯವರ ಮನೆ ಸೇರಿದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ವಕ್ರೀಭವನ ಅಂದರೆ ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ ತಿರುಗುವುದು. ಪಟ್ಟಕದಲ್ಲಿ ಏಳು ಬಣ್ಣ ಬಿಡಿಸಿಕೊಳ್ಳುವುದೂ ಅದರಿಂದಲೇ, ನೀಲಿ ಜಾಸ್ತಿ ತಿರುಗುತ್ತದೆ, ಕೆಂಪು ಕಡಿಮೆ.

ಗುರುತ್ವದಲ್ಲಿ ಆ ಭೇದವೇ ಇಲ್ಲ. ಕೆಂಪು, ನೀಲಿ, ರೇಡಿಯೋ ಅಲೆ, ಎಲ್ಲವೂ ಒಂದೇ ಅಳತೆಯಲ್ಲಿ ಬಾಗುತ್ತವೆ. ಇಂಥ ಮೊದಲ ಉಂಗುರ ಸಿಕ್ಕಿದ್ದು 1988ರಲ್ಲಿ, ಅದೂ ರೇಡಿಯೋ ದೂರದರ್ಶಕದಲ್ಲಿ. ಒಂದೇ ವಸ್ತುವಿನ ಎರಡು ಬಿಂಬಗಳು ಒಂದು ಕೆಂಪಗೆ ಒಂದು ನೀಲಿಯಾಗಿ ಕಂಡರೆ, ಇದು ಗುರುತ್ವದ ಆಟವೋ ಅಲ್ಲವೋ ಅಂತ ಮೊದಲು ಅನುಮಾನ ಬರುತ್ತದೆ. ನಡುವೆ ಧೂಳು ಅಡ್ಡ ಬಂದಿರಬಹುದು, ಅಥವಾ ಅವು ಬೇರೆ ಬೇರೆ ವಸ್ತುಗಳೇ ಇರಬಹುದು. ಬೋರ್ಡಿನಲ್ಲಿ ‘ವಕ್ರೀಭವನ’ ಅಂತ ಬರೆದರೆ ಮಕ್ಕಳು ಸೂರ್ಯನ ಸುತ್ತಲಿನ ಅನಿಲವೇ ಗಾಜಿನ ಹಾಗೆ ಕೆಲಸ ಮಾಡಿತು ಅಂದುಕೊಳ್ಳುತ್ತಾರೆ. ಬೇಡ.

ಭರತ್:
ಸಕ್ಕದದ ಗೋಜೇ ಬೇಡ. ‘ಸೆಳೆಬಾಗು’ ಅನ್ನಿ. ಸೆಳೆತದಿಂದ ಬಾಗುವುದು. ಮುಗೀತು. ಉಂಗುರಕ್ಕೆ ‘ಬೆಳಕುಬಳೆ’.

ಶೇಷಾದ್ರಿ:
ಸೆಳೆಬಾಗು! ಕೇಳಿದರೆ ಸೊಂಟನೋವಿನ ಹೆಸರಿದ್ದ ಹಾಗಿದೆ. ಅದೂ ಅಲ್ಲದೆ ಬಾಗು ಧಾತು, ನಾಮಪದ ಬೇಕಾದ ಕಡೆ ಧಾತು ಇಟ್ಟರೆ ಹೇಗೆ?

ಭರತ್:
ತಿರುವು, ಅಳಿವು, ಉಳಿವು ಹೇಗೋ ಹಾಗೆ ಬಾಗು. ಹೆಸರಾಗಿಯೂ ಬಳಕೆಯಲ್ಲಿದೆ. ನಿಗಂಟು ತೆಗೆದು ನೋಡಿ.

ಶೇಷಾದ್ರಿ:
ನೀವು ಹೇಳಿದ ಮೂರಕ್ಕೂ ‘ವು’ ಪ್ರತ್ಯಯ ಇದೆ. ಬಾಗಿಗೆ ಇಲ್ಲ. ನಿಘಂಟು ನೀವೇ ತೆಗೆಯಿರಿ, ಮಹಾಪ್ರಾಣ ಸಮೇತ.

ಅನಸೂಯಾ:
ಧಾತುಜಗಳ ಬದಿಗಿರಲಿ. ಭರತ್, ನಿಮ್ಮ ‘ಸೆಳೆತ’ದ ಬಗ್ಗೆ ನನಗೆ ಬೇರೆ ತಕರಾರಿದೆ. ಬೆಳಕನ್ನು ಒಂದು ಕಲ್ಲಿನ ಹಾಗೆ ಎಣಿಸಿ, ಸೂರ್ಯ ಅದನ್ನು ಸೆಳೆಯಿತು ಅಂತ ನ್ಯೂಟನ್ನನ ಲೆಕ್ಕ ಹಾಕಿದರೆ ಸೂರ್ಯನ ಅಂಚಿನಲ್ಲಿ ಬಾಗು ಬರುವುದು ಸುಮಾರು 0.87 ಸೆಕೆಂಡು. ಐನ್‌ಸ್ಟೈನ್ 1915ರಲ್ಲಿ ಹೇಳಿದ್ದು ಅದರ ಎರಡರಷ್ಟು, 1.75. ಉಳಿದ ಅರ್ಧ ಬರುವುದು ಸೂರ್ಯನ ಸುತ್ತ ಜಾಗವೇ ಡೊಂಕಾಗಿರುವುದರಿಂದ. 1919ರಲ್ಲಿ ಬ್ರೆಜಿಲ್‌ಗೂ ಆಫ್ರಿಕಾದ ಪಕ್ಕದ ಪ್ರಿನ್ಸಿಪೆ ದ್ವೀಪಕ್ಕೂ ತಂಡಗಳು ಹೋದದ್ದು ಇದನ್ನು ಬಿಡಿಸಲಿಕ್ಕೇ. ಬೆಳಕು ಬಾಗುತ್ತದೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆಯಾಗಿರಲಿಲ್ಲ, ಅರ್ಧ ಬಾಗುತ್ತದೋ ಪೂರ್ತಿ ಬಾಗುತ್ತದೋ ಅನ್ನುವುದೂ ಇತ್ತು. ‘ಸೆಳೆತ’ ಅಂದರೆ ಓದುವವರ ತಲೆಯಲ್ಲಿ ಹಗ್ಗ ಕಟ್ಟಿ ಎಳೆದ ಚಿತ್ರ ಬರುತ್ತದೆ. ಅದು ಅರ್ಧ ಕಥೆ.

ರೇಣುಕಾ, ಇನ್ನೊಂದು ಮಾತು. ಬೋರ್ಡಿನಲ್ಲಿ ಬರೀ ‘ಸೆಕೆಂಡು’ ಅಂತ ಹಾಕಬೇಡಿ. ಜನ ಗಡಿಯಾರ ನೋಡುತ್ತಾರೆ. ‘ಕೋನದ ಸೆಕೆಂಡು’ ಅನ್ನಿ, ಇಲ್ಲವಾದರೆ ಪಂಚಾಂಗದವರ ‘ವಿಕಲೆ’ ಇದೆ.

ಭರತ್:
ಸೆಳೆತ ಅರ್ಧ ಕಥೆಯಾದರೆ ಗುರುತ್ವ ಏನು ಪೂರ್ತಿ ಕಥೆಯೇ? ಗುರು ಅಂದರೆ ತೂಕ, ಗುರುತ್ವ ಅಂದರೆ ತೂಕವಾಗಿರುವುದು. ಅದರಲ್ಲಿ ಡೊಂಕು ಜಾಗ ಎಲ್ಲಿದೆ? ಅದಕ್ಕೆ ಬೇಕಾದ ಅರ್ಥವನ್ನು ನಾವು ಆಮೇಲೆ ತುಂಬಿದ್ದು. ಸೆಳೆತಕ್ಕೂ ಹಾಗೇ ತುಂಬಬಹುದು. ಸಕ್ಕದಕ್ಕೆ ಒಂದು ನ್ಯಾಯ, ಕನ್ನಡಕ್ಕೆ ಒಂದು ನ್ಯಾಯ ಯಾಕೆ?

ಅನಸೂಯಾ:
ಈ ಮಾತು ಒಪ್ಪಿದೆ. ಉತ್ತರ ಇಲ್ಲ ನನ್ನ ಹತ್ತಿರ.

ನಾಗರಾಜ:
ರೇಣುಕಾ ಮೇಡಂ, ಉಂಗುರಕ್ಕೆ ಹೊಸ ಪದ ಯಾಕೆ ಹುಡುಕುತ್ತೀರಿ, ಹಳ್ಳಿಯಲ್ಲಿ ಮೊದಲಿಂದ ಇದೆಯಲ್ಲ. ಚಂದ್ರನಿಗೆ ಗುಡಿ ಕಟ್ಟಿದೆ ಅಂತಿದ್ದರು ನಮ್ಮಜ್ಜಿ. ಮಳೆ ಬರುತ್ತೆ ಅಂತ ಹಪ್ಪಳ ಒಳಗೆ ತೆಗೆಸುತ್ತಿದ್ದರು. 2021ರ ಮೇ 24ರಂದು ಬೆಂಗಳೂರಲ್ಲಿ ಸೂರ್ಯನಿಗೇ ದೊಡ್ಡ ಗುಡಿ ಕಟ್ಟಿತ್ತು, ಲಾಕ್‌ಡೌನ್ ಟೈಮು, ನಾವೆಲ್ಲ ಟೆರೇಸಲ್ಲಿ ನಿಂತು ನೋಡಿದೆವು. ಫೋಟೋನೂ ಇದೆ, ಬೇಕಾದರೆ ಬೋರ್ಡಿಗೆ ಕಳಿಸುತ್ತೇನೆ.

ಅನಸೂಯಾ:
ನಾಗರಾಜರೇ, ಫೋಟೋ ನನಗೆ ಕಳಿಸಿ, ಬೋರ್ಡಿಗೆ ಬೇಡ. ಅದು ಎತ್ತರದ ಮೋಡದಲ್ಲಿರುವ ಮಂಜಿನ ಹರಳುಗಳಲ್ಲಿ ಬೆಳಕು ತಿರುಗಿ ಆಗುವುದು. ಶೇಷಾದ್ರಿಯವರ ವಕ್ರೀಭವನ ನಿಜವಾಗಿ ಅಲ್ಲಿದೆ. ಅದಕ್ಕೇ ಒಳಅಂಚಿನಲ್ಲಿ ಕೆಂಪು ಕಾಣುತ್ತದೆ. ಅಳತೆಯೂ ಬೇರೆ. ಗುಡಿ ಸೂರ್ಯನಿಂದ 22 ಡಿಗ್ರಿ ಆಚೆ ಇರುತ್ತದೆ. ರೇಣುಕಾ ಅವರ ಉಂಗುರದ ಅರೆವ್ಯಾಸ 2.5 ಕೋನದ ಸೆಕೆಂಡು. ಹತ್ತು ರೂಪಾಯಿ ನಾಣ್ಯವನ್ನು ಒಂದು ಕಿಲೋಮೀಟರಿಗಿಂತ ತುಸು ದೂರ ಇಟ್ಟು ನೋಡಿದಷ್ಟು.

ರೇಣುಕಾ:
ನಾಣ್ಯದ ಹೋಲಿಕೆ ಬೋರ್ಡಿಗೆ ತಗೊಂಡೆ. ‘ಕಂಕಣ’ ಅಂದರೆ ಹೇಗೆ? ಕೇಳಲಿಕ್ಕೆ ಚೆನ್ನಾಗಿದೆ.

ಶೇಷಾದ್ರಿ:
ಕಂಕಣ ಗ್ರಹಣದ್ದು. 2019ರ ಡಿಸೆಂಬರ್ 26ರಂದು ಮಂಗಳೂರಿನವರು ನೋಡಿದ್ದು ಅದು. ನಿಮ್ಮ ಮೊದಲ ಚಿತ್ರವೂ ಗ್ರಹಣದ್ದೇ. ಎರಡೂ ಒಂದೇ ಬೋರ್ಡಿನಲ್ಲಿ ಇದ್ದರೆ ಜನ ಉಂಗುರವನ್ನೂ ಗ್ರಹಣ ಅಂತಲೇ ತಿಳಿಯುತ್ತಾರೆ. ಆದರೂ ಇದು ಪೂರ್ತಿ ತಪ್ಪಲ್ಲ, 1919ರಲ್ಲಿ ಪ್ರಿನ್ಸಿಪೆಗೆ ಹೋದ ತಂಡದ ಎಡಿಂಗ್ಟನ್ ಸೂರ್ಯನ ಸುತ್ತ ನೋಡಿದ್ದೂ ಇಂಥದೇ ಉಂಗುರ ತಾನೇ?

ಅನಸೂಯಾ:
ಕಂಕಣದ ಬಗ್ಗೆ ನೀವು ಹೇಳಿದ್ದು ಸರಿ. ಎಡಿಂಗ್ಟನ್ ಉಂಗುರ ನೋಡಲಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ. ಇದನ್ನು ಬೆರಳೆಣಿಕೆಯಲ್ಲೇ ತೋರಿಸಬಹುದು. ಉಂಗುರ ಕಾಣಬೇಕಾದರೆ ಹಿಂದಿನ ನಕ್ಷತ್ರದಿಂದ ಹೊರಟು ಸೂರ್ಯನ ಆಚೆ ಅಂಚು ಈಚೆ ಅಂಚು ಎರಡನ್ನೂ ಸವರಿಕೊಂಡು ಬಂದ ಬೆಳಕು ನಮ್ಮ ಕಣ್ಣಲ್ಲಿ ಸೇರಬೇಕು. ಅಂಚಿನಲ್ಲಿ ಬೆಳಕು ಬಾಗುವುದು 1.75 ಸೆಕೆಂಡು. ಆದರೆ ನಮಗೆ ಇಲ್ಲಿಂದ ಸೂರ್ಯನ ಅರೆವ್ಯಾಸವೇ ಸುಮಾರು 960 ಸೆಕೆಂಡು. ಬಾಗಿದ ಬೆಳಕು ನಮ್ಮನ್ನು ದಾಟಿ ಎಷ್ಟೋ ದೂರ ಹೋದ ಮೇಲೆ ಸೇರುತ್ತದೆ. ಸೂರ್ಯ 1.75 ಸೆಕೆಂಡಿಗೆ ಕುಗ್ಗಿ ಕಾಣುವಷ್ಟು ದೂರ ಹೋಗಬೇಕು. 960ನ್ನು 1.75ರಿಂದ ಭಾಗಿಸಿ, ಸುಮಾರು 550. ನಾವಿರುವ ದೂರದ 550 ಪಟ್ಟು! ಅಲ್ಲಿಗೆ ಹೋದರೆ ಸೂರ್ಯನ ಅಂಚಿನಲ್ಲೇ ಉಂಗುರ ಹುಟ್ಟುತ್ತದೆ. ಇಲ್ಲಿಂದ ನಕ್ಷತ್ರಗಳು ಒಂಚೂರು ಸರಿದದ್ದಷ್ಟೇ ಕಾಣುತ್ತದೆ.

ಗೆಲಾಕ್ಸಿ ಆದರೆ ದೂರದ ತಾಪತ್ರಯ ಇಲ್ಲ. ಎನ್‌ಜಿಸಿ 6505 ನಮ್ಮಿಂದ 59 ಕೋಟಿ ಜ್ಯೋತಿರ್ವರ್ಷ ಆಚೆ. ಅದರ ಬೆನ್ನಿಗೆ ಸರಿಯಾಗಿ, 442 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇನ್ನೊಂದು ಗೆಲಾಕ್ಸಿ. ನೀವು ಉಂಗುರವಾಗಿ ನೋಡುತ್ತಿರುವುದು ಆ ಹಿಂದಿನದನ್ನು.

ರೇಣುಕಾ:
ಅಯ್ಯೋ. ಹಾಗಾದರೆ ‘ಎನ್‌ಜಿಸಿ 6505ರ ಉಂಗುರ’ ಅಂತ ಬರೆದಿದ್ದೇನಲ್ಲ, ಅದು ಶನಿಯ ಬಳೆ ಹಾಗೆ ಆಗಿಬಿಡುತ್ತದೆ ಅಲ್ವಾ?

ಅನಸೂಯಾ:
ಅದೇ ದೊಡ್ಡ ಎಡವಟ್ಟು. ಷಷ್ಠಿ ಹಾಕಿದ ಕೂಡಲೇ ಉಂಗುರ ಮುಂದಿನ ಗೆಲಾಕ್ಸಿಯ ಸ್ವತ್ತಾಗುತ್ತದೆ. ಭರತ್ ಅವರ ‘ಬಳೆ’ಗೂ ಇದೇ ತೊಂದರೆ, ಶನಿಯದ್ದು ನಿಜವಾದ ವಸ್ತು, ಕಲ್ಲು ಮಂಜು ಎಲ್ಲ ಸೇರಿದ್ದು. ಇದು ಬರೀ ಬಿಂಬ. ‘ಉಂಗುರ ಬಿಂಬ’ ಅನ್ನಿ, ಸಾಕು.

ಭರತ್:
ಉಂಗುರ ಒಪ್ಪಿದೆ. ಬಿಂಬದ ಬದಲು ‘ನೆಳಲು’.

ಅನಸೂಯಾ:
ನೆರಳು ಅಂದರೆ ಬೆಳಕು ಇಲ್ಲದ್ದು. ಇಲ್ಲಿ ಬೆಳಕು ಜಾಸ್ತಿಯಾಗಿದೆ. ಬೇಡವೇ ಬೇಡ.

ಶೇಷಾದ್ರಿ:
ಪೂರ್ತಿ ವಿದ್ಯಮಾನಕ್ಕೆ ‘ಗುರುತ್ವ ಮಸೂರ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನೇ ಇಡಬಹುದಲ್ಲ?

ಭರತ್:
ಮಸೂರ ಅಂದರೇನು ಗೊತ್ತೇ? ಬೇಳೆ. ಲ್ಯಾಟಿನ್‌ನಲ್ಲಿ ಲೆನ್ಸ್ ಅಂದರೂ ಅದೇ ಬೇಳೆ. ಗಾಜಿನ ಆಕಾರ ಬೇಳೆಯ ಹಾಗಿದೆ ಅಂತ ಅವರು ಆ ಹೆಸರಿಟ್ಟರು, ನಮ್ಮವರು ಅದನ್ನು ಸಕ್ಕದಕ್ಕೆ ತಿರುಗಿಸಿದರು. ಕನ್ನಡಕ್ಕೆ ತಿರುಗಿಸುವುದಾಗಿದ್ದರೆ ‘ಚನ್ನಂಗಿ’ ಆಗಬೇಕಿತ್ತು. ನಾನು ಇದನ್ನು ಈ ಪಟ್ಟಿಯಲ್ಲಿ ಎಷ್ಟು ಸಲ ಬರೆದಿದ್ದೇನೋ.

ನಾಗರಾಜ:
‘ಗುರುತ್ವ ಚನ್ನಂಗಿ’ ಅಂತ ಬೋರ್ಡು ಹಾಕಿದರೆ ಜನ ಅನ್ನ ಎಲ್ಲಿ ಅಂತ ಕೇಳ್ತಾರೆ ಸ್ವಾಮಿ.

ಅನಸೂಯಾ:
ಬೇಳೆ ಯಾವುದೇ ಇರಲಿ, ಹೋಲಿಕೆಯೇ ಸ್ವಲ್ಪ ಸೊಟ್ಟ. ಉಬ್ಬು ಮಸೂರದಲ್ಲಿ ನಡುವಿನಿಂದ ದೂರ ಹೋದಷ್ಟೂ ಬೆಳಕು ಜಾಸ್ತಿ ತಿರುಗುತ್ತದೆ, ಹಾಗಾಗಿ ಎಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ಗುರುತ್ವದಲ್ಲಿ ತಿರುವುಮುರುವು. ಹತ್ತಿರ ಹಾಯುವುದು ಜಾಸ್ತಿ ಬಾಗುತ್ತದೆ, ದೂರ ಹಾಯುವುದು ಕಡಿಮೆ. ಒಂದು ಬಿಂದು ಅಂತ ಇಲ್ಲವೇ ಇಲ್ಲ.

ಇದನ್ನು ನೋಡಬೇಕಾದರೆ ವೈನ್ ಗ್ಲಾಸಿನ ಪಾದ ಸಾಕು. ನನ್ನ ಮೇಜಿನ ಖಾನೆಯಲ್ಲಿ ಒಂದು ಇದೆ, ಕಾಂಡ ಮುರಿದದ್ದು, ಮುರಿದ ತುದಿ ಅರದಿಂದ ಉಜ್ಜಿ ಮಟ್ಟ ಮಾಡಿಸಿದ್ದೇನೆ. ನಡುವೆ ದಪ್ಪ, ಅಂಚಿಗೆ ಬರುತ್ತಾ ತೆಳು. ಬಿಳಿ ಹಾಳೆಯಲ್ಲಿ ಕರಿ ಚುಕ್ಕಿ ಇಟ್ಟು, ಪಾದವನ್ನು ತುಸು ಎತ್ತಿ ಹಿಡಿದು ಮೇಲಿಂದ ನೇರ ನೋಡಿ. ಚುಕ್ಕಿ ಉಂಗುರವಾಗುತ್ತದೆ. ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ. ಉಂಗುರ ಒಡೆದು ಎರಡು ಬಿಲ್ಲು ಆಗುತ್ತದೆ, ಎದುರುಬದುರು, ಒಂದು ದೊಡ್ಡದು ಒಂದು ಚಿಕ್ಕದು. ಆಕಾಶದಲ್ಲಿ ಪೂರ್ತಿ ಉಂಗುರ ಅಪರೂಪ, ಬಿಲ್ಲುಗಳೇ ಹೆಚ್ಚು, ಯಾಕೆ ಅಂತ ಕೈಯೇ ಹೇಳಿಬಿಡುತ್ತದೆ. ಬೋರ್ಡಿನ ಕೆಳಗೆ ಇದನ್ನು ಇಟ್ಟರೆ ಪದ ಯಾವುದಾದರೂ ನಡೆದೀತು.

ಶೇಷಾದ್ರಿ:
ಗಾಜಿನ ಪಾದದಲ್ಲಿ ಆಗುವುದು ವಕ್ರೀಭವನವೇ. ಅಂದಮೇಲೆ?

ಅನಸೂಯಾ:
ಅದು ಗಾಜು ಶೇಷಾದ್ರಿಯವರೇ. ಅಣಕ ಮಾಡುವವನಿಗೆ ಅಸಲಿನ ಹೆಸರು ಕೊಡಬಾರದು.

ರೇಣುಕಾ:
ಸಾಕು, ಸಾಕು. ಇಷ್ಟು ಬರೆದೆ: ಶೀರ್ಷಿಕೆ ‘ಗುರುತ್ವದಿಂದ ಬಾಗುವ ಬೆಳಕು’. ಎರಡನೇ ಚಿತ್ರಕ್ಕೆ ‘ಐನ್‌ಸ್ಟೈನ್ ಉಂಗುರ: ಹಿಂದಿನ ಗೆಲಾಕ್ಸಿಯ ಉಂಗುರ ಬಿಂಬ’. ಮೊದಲ ಚಿತ್ರಕ್ಕೆ ‘ಸೂರ್ಯನ ಪಕ್ಕದ ನಕ್ಷತ್ರಗಳು ಸೂರ್ಯನ ಕಡೆಗೆ ಸರಿದು ಕಂಡವು’.

ಭರತ್:
ಪದ ಕೇಳಿ ವಾಕ್ಯ ಬರೆದಿರಿ. ಹೀಗೇ ಕನ್ನಡಕ್ಕೆ ಪದ ಹುಟ್ಟದೆ ಹೋಗುವುದು.

ಶೇಷಾದ್ರಿ:
‘ಗುರುತ್ವಬಾಗು’ ಅಂತ ಅರಿಸಮಾಸ ಮಾಡದೆ ಬಿಟ್ಟದ್ದು ಪುಣ್ಯ.

ಭರತ್:
ಮಳೆಗಾಲ ಅರಿಸಮಾಸವೇ. ಕೊಡೆ ಹಿಡಿಯುವುದಿಲ್ಲವೇ ನೀವು?

ಅನಸೂಯಾ:
ರೇಣುಕಾ, ನಿಲ್ಲಿ. ‘ಕಡೆಗೆ’ ಅಲ್ಲ, ‘ಆಚೆಗೆ’. ಬೆಳಕು ಬಾಗುವುದು ಸೂರ್ಯನ ಕಡೆಗೆ. ಆದರೆ ನಮ್ಮ ಕಣ್ಣು ಬಂದ ಬೆಳಕನ್ನು ನೇರವಾಗಿ ಹಿಂದಕ್ಕೆ ಹಿಡಿದುಕೊಂಡು ಹೋಗುತ್ತದೆ, ಹಾಗಾಗಿ ನಕ್ಷತ್ರ ಸೂರ್ಯನಿಂದ ದೂರ ಸರಿದ ಹಾಗೆ ಕಾಣುತ್ತದೆ. ಆರು ತಿಂಗಳ ಅಂತರದ ರಾತ್ರಿ ಫೋಟೋದ ಪಕ್ಕ ಗ್ರಹಣದ ಫೋಟೋ ಇಟ್ಟರೆ ಎಲ್ಲ ಚುಕ್ಕಿಗಳೂ ಹೊರಮುಖವಾಗಿ ಸರಿದಿರುತ್ತವೆ. ಇದು ಪದದ ಜಗಳವಲ್ಲ, ತಪ್ಪು.

ರೇಣುಕಾ:
ಅಂಗಡಿಗೆ ಫೋನ್ ಮಾಡಿದೆ. ಇನ್ನೂ ಪ್ರಿಂಟಿಗೆ ಹಾಕಿಲ್ಲವಂತೆ. ‘ಆಚೆಗೆ’ ಮಾಡಿಸಿದೆ. ಅನಸೂಯಾ ಮೇಡಂ, ಆ ಗ್ಲಾಸಿನ ಪಾದ ಒಂದು ವಾರಕ್ಕೆ ಕೊಡುತ್ತೀರಾ?