ಅಪ್‌ಡೇಟ್: ಕೂಲರ್ ಪಂಪಿನ ಹಿಡಿಕೆ ಕೊನೆಗೂ ಅಂಟಿತು

ನನ್ನ ಪ್ರಶ್ನೆ: ಕಲಬುರಗಿ ಬಿಸಿಲಿಗೆ ಕೂಲರ್ ದಿನವಿಡೀ ಓಡುತ್ತದೆ. ಪಂಪಿನ ಹಿಡಿಕೆಯನ್ನು ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಎರಡು ತುಂಡಾಗಿ 3ಡಿ ಪ್ರಿಂಟ್ ಮಾಡಿದ್ದೇನೆ. ಹೇಗೆ ಜೋಡಿಸಲಿ?

ಗೆದ್ದದ್ದು ಎಪಾಕ್ಸಿ ಅಂಟು. ಸಲಹೆ ಕೊಟ್ಟ ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಅಸಿಟೋನ್ ಕೆಲಸ ಮಾಡಲಿಲ್ಲ. ಅದು ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ, ಪಿಇಟಿಜಿಯನ್ನು ಹಾಗೆ ಕರಗಿಸುವುದಿಲ್ಲ. ಸೂಪರ್ ಗ್ಲೂ ತಕ್ಷಣ ಹಿಡಿಯಿತು, ಆದರೆ ಒಣಗಿದ ಮೇಲೆ ಅದು ಗಡುಸು, ಬಾಗುವುದಿಲ್ಲ. ಪಂಪಿನ ನಡುಕಕ್ಕೆ ಪಟ್ ಅಂತ ಬಿಟ್ಟಿತು.

ಎಪಾಕ್ಸಿಯೂ ಮೊದಲ ಸಲ ಸಿಪ್ಪೆಯಂತೆ ಎದ್ದು ಬಂತು. ಒಂದು ಬದಿಯಲ್ಲಿ ಅಂಟಿನ ಗುರುತೇ ಇರಲಿಲ್ಲ. ಅಂದರೆ ಅಂಟು ಮುರಿದಿಲ್ಲ, ನುಣುಪಾದ ಪ್ಲಾಸ್ಟಿಕ್ ಅದನ್ನು ಹಿಡಿದೇ ಇಲ್ಲ ಅಲ್ವಾ? ಆಮೇಲೆ ಎರಡೂ ಮುಖಗಳನ್ನು 120 ನಂಬರ್ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯ ಎರಡೂ ಭಾಗಗಳನ್ನು ಸಮಪಾಲು ಕಲಸಿ ಹಚ್ಚಿ, ಕ್ಲಾಂಪ್ ಹಾಕಿ 24 ಗಂಟೆ ಬಿಟ್ಟೆ. ತುಂಬಾ ಬಿಗಿ ಮಾಡಬೇಡಿ, ಅಂಟೆಲ್ಲ ಹೊರಗೆ ಬಂದುಬಿಡುತ್ತದೆ.

ಹೊರಗಿನ ಸಂದಿಗೆ ಅದೇ ಪಿಇಟಿಜಿ ಎಳೆಯನ್ನು ಸೋಲ್ಡರಿಂಗ್ ಐರನ್‌ನಿಂದ ಕರಗಿಸಿ ತುಂಬಿದೆ. ಕಿಟಕಿ ತೆರೆದಿಟ್ಟೇ ಮಾಡಿ. ಈಗ ಪಂಪ್ ಓಡುತ್ತಿದೆ, ಕೀಲು ಅಲುಗಾಡುತ್ತಿಲ್ಲ.